ನಿಶ್ಚಿತಾರ್ಥದ ಸೀರೆಗೆ ಶರ್ಟ್: ದಾದರಿನ ಟೇಲರ್ ಮಾಸ್ತರರಿಗೆ ಪ್ರಶ್ನೆಗಳು

ವಿದ್ಯಾ, ಕೋಥರೂಡ: ತಂಗಿಯ ನಿಶ್ಚಿತಾರ್ಥ ಪುಣೆಯಲ್ಲಿ, ಸಂಜೆ, ಹಾಲ್ ಒಳಗೆ. ಇಳಕಲ್ ಸೀರೆ, ನೇರಳೆ ಒಡಲು, ಹೊರಳಿಸಿದರೆ ನೀಲಿ ಹೊಡೆಯುತ್ತದೆ, ಸೆರಗು ಕೆಂಪು. ಹುಡುಗನಿಗೆ ಯಾವ ಶರ್ಟ್? ಬ್ಯಾಂಡಿನವರ ಹಾಗೆ ಕಾಣಬಾರದು.

ಮಾಸ್ತರ್: ನೇರಳೆ ಮಾತ್ರ ಬೇಡ್ರಿ. ಆ ಒಡಲಿನಲ್ಲಿ ಉದ್ದದ ಎಳೆ ಹಾಸು ಒಂದು ಬಣ್ಣ, ಅಡ್ಡ ಎಳೆ ಹೊಕ್ಕು ಇನ್ನೊಂದು. ನೆರಿಗೆಯಲ್ಲಿ ಒಂದು ಮೇಲೆದ್ದರೆ ಭುಜದ ಮೇಲೆ ಇನ್ನೊಂದು ಏಳುತ್ತದೆ. ಶರ್ಟ್ ಮಾತ್ರ ಎಲ್ಲ ಕಡೆ ಒಂದೇ ನೇರಳೆ, ಮ್ಯಾಚಿಂಗ್ ತಪ್ಪಿದ ಹಾಗೆ ಕಾಣುತ್ತದೆ.

ಮೊದಲು ಎಳೆ ನೋಡಿ. ಬೇರೆ ಸೀರೆಗಳಲ್ಲಿ ಸೆರಗಿನ ಕುಚ್ಚು ನೋಡಿದರೆ ಸಾಕು, ಹಾಸಿನ ಬಣ್ಣ ಗೊತ್ತಾಗುತ್ತದೆ. ಇಳಕಲ್ಲಿನಲ್ಲಿ ಹಾಗೆ ನೋಡಿದರೆ ಮೋಸ ಹೋಗ್ತೀರಿ: ಸೆರಗಿನ ಹಾಸೇ ಬೇರೆ, ಅದನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೊಂಟಕ್ಕೆ ಸಿಕ್ಕಿಸುವ ತುದಿ ನೋಡಿ. ಉದ್ದಕ್ಕೆ ಜೋತಾಡುವುದು ಹಾಸು, ಅಡ್ಡ ಎಳೆದರೆ ಬರುವುದು ಹೊಕ್ಕು.

ನೀಲಿ ಎಳೆ ಸಿಕ್ಕರೆ ಅದನ್ನೇ ತಿಳಿ ಮಾಡಿ, ಬೂದಿ ಬೆರೆತ ನೀಲಿಯ ಲಿನನ್ ತೆಗೆದುಕೊಳ್ಳಿ. ರೇಷ್ಮೆಯ ಪಕ್ಕ ಹೊಳಪಿಲ್ಲದ ಬಟ್ಟೆ ಕೂತರೆ ಸಂಬಂಧ ಕಾಣುತ್ತದೆ, ಜೋಡಿ ಯೂನಿಫಾರ್ಮ್ ಆಗುವುದಿಲ್ಲ. 58 ಇಂಚು ಪನ್ನಾ ಇದ್ದರೆ ಫುಲ್ ತೋಳಿಗೆ ಒಂದೂಮುಕ್ಕಾಲು ಮೀಟರ್. ಸೀರೆಯನ್ನೇ ಅಂಗಡಿಗೆ ಒಯ್ದು ಬಾಗಿಲ ಹೊರಗೆ ನೋಡಿ, ಆಮೇಲೆ ಹಳದಿ ಬಲ್ಬಿನಡಿ ನೋಡಿ. ಹಳದಿ ಬೆಳಕಲ್ಲಿ ನೀಲಿ ಮಂಕಾಗುತ್ತದೆ, ಅದಕ್ಕೆ ಒಂದು ಛಾಯೆ ಗಾಢವೇ ಇರಲಿ.

ಗುರುರಾಜ, ಡೊಂಬಿವಲಿ: ಇಷ್ಟೆಲ್ಲ ಯಾಕೆ? ಅಂಚಿನ ಬಣ್ಣದ ಶರ್ಟ್, ಮುಗೀತು.

ಮಾಸ್ತರ್: ಅಂಚು ಎರಡು ಬೆರಳಗಲ ಇದ್ದರೆ ಸರಿ. ಗೇಣಗಲ ಇದ್ದರೆ ಅದೇ ಯೂನಿಫಾರ್ಮ್.

ಸುಮಾ, ಮಡಗಾಂವ್: ನಮ್ಮದು ಮಧ್ಯಾಹ್ನ, ಬಯಲಲ್ಲಿ. ಹಳದಿ ಪೈಠಣಿಗೆ ಏನು?

ಗುರುರಾಜ: ವಾಟ್ಸಾಪಿನಲ್ಲಿ ಬಂದದ್ದು: ಸೀರೆಯ ಫೋಟೋದಿಂದ ಬಣ್ಣದ ನಂಬರ್ ತೆಗೆದು, ಬಿಳಿ ಶರ್ಟನ್ನು ಡೈ ಪುಡಿಯಲ್ಲಿ ಕುದಿಸಿದರೆ ನೂರಕ್ಕೆ ನೂರು ಮ್ಯಾಚ್.

ಮಾಸ್ತರ್: ಮಾಡಬೇಡಿ, ಇನ್ನೊಬ್ಬರಿಗೆ ಕಳಿಸಲೂ ಬೇಡಿ. ಫೋನ್ ತನ್ನಷ್ಟಕ್ಕೇ ಬಣ್ಣ ತಿದ್ದುತ್ತದೆ. ಹತ್ತಿ ಬಣ್ಣ ಕುಡಿದರೂ ಹೊಲಿಗೆಯ ಪಾಲಿಯೆಸ್ಟರ್ ದಾರ ಕುಡಿಯುವುದಿಲ್ಲ, ಕಾಲರ್ ಸುತ್ತ ಬಿಳಿ ಟಾಕಿ ಎದ್ದು ಕಾಣುತ್ತದೆ.

ಶಾಂತಾ, ಮಾಟುಂಗಾ: ಹಾಗಾದರೆ ಬೀಗರ ಸೀರೆಗಳೂ ನೀಲಿಯೇ ಬೇಕಾ?

ವಿದ್ಯಾ: ಅವರದು ಕೇಳಿಲ್ಲ ಕಾಕೂ.

ಶಾಂತಾ: ಕೆನೆಬಣ್ಣದ ಶರ್ಟ್ ಹಾಕಿಸಿ, ಚಿಂತೆಯೇ ಇಲ್ಲ.

ಗುರುರಾಜ: ಶುಭಕಾರ್ಯಕ್ಕೆ ಬಿಳೀನಾ?

ಶಾಂತಾ: ಕೆನೆ ಅಂದೆ, ಬಿಳಿ ಅಲ್ಲ. ಮದುವೆ ಧೋತರ ಯಾವ ಬಣ್ಣ ಇರ್ತದೆ, ಹೇಳಪ್ಪ?

ಗುರುರಾಜ: ಧೋತರ ಬೇರೆ, ಶರ್ಟ್ ಬೇರೆ. ಓದಿ ಉತ್ತರ ಕೊಡಿ.

ಸುಮಾ: ಹಳದಿ ಪೈಠಣಿ?

ಪ್ರಕಾಶ, ಠಾಣೆ: ನೇರಳೆ ಇಳಕಲ್ಲಿಗೆ ನೇರಳೆ ಕುರ್ತಾ ನಡೆಯುತ್ತಾ ಮಾಸ್ತರ್?

ಮಾಸ್ತರ್: ಮೇಲೆ ಓದಿ.

ವಿದ್ಯಾ: ಎಳೆ ನೋಡಿದೆ. ಹಾಸು ನೀಲಿ, ಹೊಕ್ಕು ರಾಣಿ. ಆದರೆ ಹುಡುಗನ ಅಮ್ಮ ನೇರಳೆ ಸಿಲ್ಕ್ ಬಟ್ಟೆ ತಂದುಬಿಟ್ಟಿದ್ದಾರೆ, ಎರಡೂವರೆ ಮೀಟರ್.

ಮಾಸ್ತರ್: ಕತ್ತರಿಸಿಲ್ಲ ತಾನೆ? ತೋಳಿಲ್ಲದ ಜಾಕೀಟ್ ಮಾಡಿ ಒಳಗೆ ತಿಳಿನೀಲಿ ಹಾಕಿಸಬಹುದು, ನೇರಳೆಯ ಪಾಲು ಕಡಿಮೆಯಾಗುತ್ತದೆ. ಆದರೂ ಹೊಳಪು ಹೊಳಪಿಗೆ ಬಡಿಯುತ್ತದೋ ಏನೋ. ತುಂಡನ್ನು ಸೀರೆಯ ಮೇಲಿಟ್ಟು ಹಳದಿ ದೀಪದಡಿ ನೋಡದೆ ಕತ್ತರಿ ಹಾಕಿಸಬೇಡಿ.