ಪದಚರ್ಚೆ: ಸುಣ್ಣದ ಕಂಬದಲ್ಲಿ 'ಡಿಪ್ಲೀಟೆಡ್' ಆಮ್ಲಜನಕ

ಸು.ಹೆ.:
ಮೇಘಾಲಯದ ಮಾಮ್ಲೂ ಗುಹೆಯ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ಅಲ್ಲಿನ ಸ್ಟ್ಯಾಲಗ್ಮೈಟ್‌ನಲ್ಲಿ, ಅಂದರೆ ಹನಿ ಬಿದ್ದು ನೆಲದಿಂದ ಮೇಲೆದ್ದ ಸುಣ್ಣದ ಕಂಬದಲ್ಲಿ, ಸುಮಾರು 4200 ವರ್ಷ ಹಿಂದೆ ಮುಂಗಾರು ಸೊರಗಿದ ಗುರುತಿದೆಯಂತೆ. 'ಮಳೆ ಜೋರಾಗಿದ್ದಾಗಿನ ಪದರಗಳಲ್ಲಿ ಆಮ್ಲಜನಕ ಡಿಪ್ಲೀಟೆಡ್' ಎಂಬ ವಾಕ್ಯಕ್ಕೆ ಏನು ಬರೆಯಲಿ? 'ಆಮ್ಲಜನಕ ಕಡಿಮೆ' ಅಂದರೆ ಓದುಗರು ಗುಹೆಯ ಗಾಳಿಯ ಮಾತು ಅಂದುಕೊಂಡಾರು.

ಗ.ಭ.:
'ಕ್ಷೀಣ' ಸಾಕು. ಆಮ್ಲಜನಕದ ಗೊಡವೆಯೇ ಬೇಡ, ಪದರ ದಪ್ಪವಿದ್ದರೆ ಮಳೆ ಹೆಚ್ಚು ಎಂದರಾಯಿತು. ನಮ್ಮ ಉತ್ತರ ಕನ್ನಡದ ಆಕಳಗವಿ ಕಂಬದಲ್ಲಿ ಪದರ ಎಣಿಸಿಯೇ 331 ವರ್ಷ ಲೆಕ್ಕ ಹಾಕಿದ್ದಾರೆ.

ನಾ.ಶ.:
ಎಣಿಕೆಯಿಂದ ವಯಸ್ಸು ಸಿಗುತ್ತದೆ, ಸರಿ. ದಪ್ಪದಿಂದ ಮಳೆ ಅಳೆಯುವುದು ಕಷ್ಟ. ಗುಹೆಯಲ್ಲಿ ಗಾಳಿ ಆಡದೆ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡರೆ, ಹನಿಯಲ್ಲಿರುವ ಆ ಅನಿಲ ಹೊರಬರುವುದಿಲ್ಲ, ಸುಣ್ಣವೂ ಸರಿಯಾಗಿ ಕೂರುವುದಿಲ್ಲ. ಹೊರಗೆ ಎಷ್ಟೇ ಸುರಿದಿರಲಿ, ಪದರ ತೆಳುವೇ.

ಸು.ಹೆ. ಅವರೇ, ಇಳಿದದ್ದು ಆಮ್ಲಜನಕವಲ್ಲ, ಅದರಲ್ಲಿ ಭಾರದ ಆಮ್ಲಜನಕ-18ರ ಪಾಲು. ಮೋಡದಿಂದ ಭಾರದ ನೀರು ಮೊದಲು ಉದುರುತ್ತದೆ. ಮಳೆ ಹಿಡಿದು ಹೊಯ್ದಷ್ಟೂ ಉಳಿದ ಆವಿ ಹಗುರವಾಗುತ್ತದೆ, ಮುಂದೆ ಬೀಳುವ ನೀರೂ ಹಗುರ. ಆ ನೀರಿನ ಗುರುತೇ ಸುಣ್ಣದಲ್ಲಿ ಉಳಿಯುತ್ತದೆ. ಮೊದಲ ಸಲ 'ಆಮ್ಲಜನಕ-18ರ ಪಾಲು ಇಳಿದಿದೆ' ಎಂದು ಬಿಡಿಸಿ ಬರೆಯಿರಿ, ಆಮೇಲೆ 'ಹಗುರ' ಸಾಕು. ನಕ್ಷೆ ನೋಡುವಾಗ ಎಚ್ಚರ: ಆಮ್ಲಜನಕ-18ರ ಪಾಲನ್ನು ತೋರಿಸುವ δ18O ಬೆಲೆ −6ರಿಂದ −8ಕ್ಕೆ ಹೋದರೆ ಮಳೆ ಹೆಚ್ಚಿತು ಎಂದರ್ಥ. ಹಾಗಾಗಿ ಅನೇಕರು ಅಕ್ಷವನ್ನೇ ತಲೆಕೆಳಗು ಮಾಡಿರುತ್ತಾರೆ.

ಭಾರವೆಲ್ಲ ಬರವೂ ಅಲ್ಲ. ಕಂಬವನ್ನು ಉದ್ದಕ್ಕೆ ಸೀಳಿ, ನಯಮಾಡಿ, ನಡುಗೆರೆಯಲ್ಲಿ ಅರ್ಧ ಮಿಲಿಮೀಟರಿಗೊಂದರಂತೆ ಕೊರೆದು ಪುಡಿ ತೆಗೆಯುತ್ತಾರೆ. ಜೊತೆಗೆ ಒಂದೇ ಪದರದಲ್ಲಿ ನಡುವಿನಿಂದ ಅಂಚಿನವರೆಗೆ ಐದಾರು ಕಡೆ ಕೊರೆಯಬೇಕು. ಅಂಚಿನತ್ತ ಆಮ್ಲಜನಕ, ಕಾರ್ಬನ್ ಎರಡೂ ಒಟ್ಟಿಗೆ ಭಾರವಾಗುತ್ತ ಹೋದರೆ ಹನಿ ಗುಹೆಯೊಳಗೇ ಆರಿದೆ ಎಂಬ ಅನುಮಾನ ಏಳುತ್ತದೆ. ಆಗ ಆ ತುಂಡನ್ನು ಮಳೆಯ ಲೆಕ್ಕಕ್ಕೆ ಸೇರಿಸುವುದಿಲ್ಲ.

ಮಂ.:
ನಮ್ಮೂರ ಕೆರೆ ಹೂಳೆತ್ತಿ ಹೊಲಕ್ಕೆ ಹಾಕಿದ್ದೇವೆ, ಕಪ್ಪು ಮಣ್ಣು. ಅದರಲ್ಲೂ ಹಳೇ ಮಳೆ ಗೊತ್ತಾಗುತ್ತದೆಯೇ?

ನಾ.ಶ.:
ಕೆರೆಯ ಕೆಸರಿನಲ್ಲಿ ಪರಾಗ, ಮರಳಿನ ಗಾತ್ರ ನೋಡಿ ಹೇಳುವುದುಂಟು. ಆದರೆ ಪದರ ಕದಡಿರಬಾರದು. ಹೂಳೆತ್ತಿದ ಮೇಲೆ ಯಾವುದು ಮೊದಲು ಕೂತದ್ದು ಎಂದೇ ತಿಳಿಯದು. ತಳದಲ್ಲಿ ಗುದ್ದಲಿ ತಾಗದ ಮಣ್ಣು ಉಳಿದಿದ್ದರೆ ಕೊಳವೆ ಇಳಿಸಿ ನೋಡಬಹುದು.

ಗ.ಭ.:
ಎಲ್ಲ ಒಪ್ಪಿದೆ, 'ಹಗುರ' ಮಾತ್ರ ಬೇಡ. ಪತ್ರಿಕೆಯಲ್ಲಿ 'ಹಗುರ ಮಳೆ' ಅಂದರೆ ತುಂತುರು. ನೀವು ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧ!

ಸು.ಹೆ.:
ಹೌದಲ್ಲ. ಸದ್ಯಕ್ಕೆ ಎಲ್ಲ ಕಡೆಯೂ '18ರ ಪಾಲು ಇಳಿದಿದೆ' ಎಂದೇ ಹಾಕಿದ್ದೇನೆ. ಚಿಕ್ಕ ಪದ ಹೊಳೆದರೆ ತಿಳಿಸಿ.