ತುಂಡುವಾಕ್ಯ: ಬೇಕಂತಲೇ ಬರೆದದ್ದೋ, ಕೈತಪ್ಪಿ ಆದದ್ದೋ?

ವನಜಾ:
ಕರಡು ತಿದ್ದುವಾಗ ಒಂದು ಗೊಂದಲ ಎದ್ದಿದೆ. ಮುಂದೆ ಮೂರು ಬರಹಗಳಿವೆ. ಒಂದು ಕೊಡೆಯ ಜಾಹೀರಾತು:

"ಮಳೆ ನಿಲ್ಲುವುದಿಲ್ಲ. ನೀವೂ."

ಇನ್ನೊಂದು ಪ್ರಬಂಧದ ಸಾಲು:

"ಅಜ್ಜನ ಕೋಣೆಯ ಬಾಗಿಲು ಈಗಲೂ ಹಾಗೇ ಇದೆ. ಅರ್ಧ ತೆರೆದು. ಒಳಗೆ ಒಂದು ಕುರ್ಚಿ."

ಮತ್ತೊಂದೂ ಪ್ರಬಂಧದ್ದೇ:

"ಓದುವ ಅಭ್ಯಾಸ ಕಡಿಮೆಯಾಗಿದೆ. ಮೊಬೈಲ್ ಕೈಗೆ ಬಂದಿದ್ದರಿಂದ. ಮಕ್ಕಳು ಪುಸ್ತಕ ಮುಟ್ಟುವುದಿಲ್ಲ."

ಕೊನೆಯದು ತಪ್ಪು ಅಂತ ಕಿವಿ ಹೇಳುತ್ತದೆ. ಮೊದಲ ಎರಡನ್ನು ಮುಟ್ಟಲು ಮನಸ್ಸು ಬರುತ್ತಿಲ್ಲ. ಆದರೆ ಮೂರರಲ್ಲೂ ವಾಕ್ಯ ಅರ್ಧಕ್ಕೇ ನಿಂತಿದೆ ಅಲ್ವಾ? ಬರೆದವರು ಕೇಳಿದರೆ ಏನು ಕಾರಣ ಕೊಡಲಿ?

ಶ್ರೀಧರ:
ಇದರಲ್ಲಿ ಗೊಂದಲವೇ ಇಲ್ಲ. ಕ್ರಿಯಾಪದ ಇಲ್ಲದಿದ್ದರೆ ಅದು ವಾಕ್ಯವಲ್ಲ. "ಒಳಗೆ ಒಂದು ಕುರ್ಚಿ" ಅಂದರೆ ಕುರ್ಚಿ ಇದೆಯೋ, ಇತ್ತೋ, ಮುರಿದು ಬಿದ್ದಿದೆಯೋ? ಜಾಹೀರಾತಿಗೆ ರಿಯಾಯಿತಿ ಕೊಡಬಹುದು, ಅಲ್ಲಿ ಜಾಗ ಕಡಿಮೆ. ಪ್ರಬಂಧದಲ್ಲಿ ಎರಡನ್ನೂ ತಿದ್ದಿ. "ಏಕೆಂದರೆ" ಅಂತ ಶುರುವಾಗುವ ವಾಕ್ಯಗಳನ್ನೂ ಹಿಂದಿನದಕ್ಕೆ ಸೇರಿಸಿಬಿಡಿ.

ನಾಗರತ್ನ:
ಶ್ರೀಧರ ಅವರೇ, "ಇವನು ನನ್ನ ತಮ್ಮ" ಅನ್ನುವುದರಲ್ಲಿ ಕ್ರಿಯಾಪದ ಎಲ್ಲಿದೆ? ಕನ್ನಡದಲ್ಲಿ ಅದು ಪೂರ್ತಿ ವಾಕ್ಯ. "ಒಳಗೆ ಒಂದು ಕುರ್ಚಿ" ಕೂಡ ಅದಕ್ಕೆ ಹತ್ತಿರದ್ದೇ. ಹಿಂದಿನ ವಾಕ್ಯದಲ್ಲಿ "ಈಗಲೂ" ಇದೆ, ಕಾಲದ ಅನುಮಾನವೂ ಉಳಿಯುವುದಿಲ್ಲ. "ಏಕೆಂದರೆ ಮಳೆ ಬಂತು" ಅನ್ನುವುದರಲ್ಲಿ "ಬಂತು" ಮುಗಿದ ಕ್ರಿಯೆ. ಅದನ್ನು ತುಂಡು ಅನ್ನುವುದು ಶಾಲೆಯ ಇಂಗ್ಲಿಷ್ ಪಾಠದಿಂದ ಬಂದ ಅಭ್ಯಾಸ. ನಮ್ಮಲ್ಲಿ ತುಂಡಾಗುವುದು "ಮಳೆ ಬಂದದ್ದರಿಂದ" ಅನ್ನುವುದು.

ಹಾಗಾಗಿ ಕ್ರಿಯಾಪದ ಇದೆಯೋ ಇಲ್ಲವೋ ಅಂತ ಹುಡುಕುವ ಬದಲು, ತುಂಡಿನ ಕೊನೆಯ ಪ್ರತ್ಯಯ ಯಾವ ಕಡೆಗೆ ಕೈ ಚಾಚಿದೆ ಅಂತ ನೋಡಿ. "ಬಂದಿದ್ದರಿಂದ", "ಬಂದಾಗ", "ಬಂದರೂ", "ತೆರೆದು", ಇವೆಲ್ಲ ಇನ್ನೊಂದು ಕ್ರಿಯೆಗಾಗಿ ಕಾಯುವ ರೂಪಗಳು. ನಮ್ಮ ವಾಕ್ಯದಲ್ಲಿ ಮುಖ್ಯ ಕ್ರಿಯೆ ಕೊನೆಗೆ ಬರುತ್ತದೆ. ಅದಕ್ಕೇ ಇವನ್ನು ಓದಿದ ಕೂಡಲೇ ಕಣ್ಣು ಮುಂದಕ್ಕೆ ಓಡುತ್ತದೆ.

ವನಜಾ, ನಿಮ್ಮ ಮೂರನೆಯ ಸಾಲನ್ನು ಹೀಗೆ ಓದಿ ನೋಡಿ. ಮೊಬೈಲ್ ಕೈಗೆ ಬಂದಿದ್ದರಿಂದ ಏನಾಯಿತು? ಓದುವ ಅಭ್ಯಾಸ ಕಡಿಮೆಯಾಯಿತೋ, ಮಕ್ಕಳು ಪುಸ್ತಕ ಮುಟ್ಟುವುದನ್ನು ಬಿಟ್ಟರೋ? ತುಂಡು ಎರಡೂ ಕಡೆಗೆ ಅಂಟುತ್ತದೆ. ಯಾವುದಕ್ಕೆ ಅಂತ ಬರೆದವರೇ ತೀರ್ಮಾನಿಸಿಲ್ಲ. "ಅರ್ಧ ತೆರೆದು" ಹಾಗಲ್ಲ. ಅದು "ಹಾಗೇ ಇದೆ" ಅನ್ನುವುದಕ್ಕೆ ಮಾತ್ರ ಸೇರುತ್ತದೆ. ಮುಂದಿನ ಕುರ್ಚಿಗೆ ಅಂಟಿಸಲು ಹೋದರೆ ಅಂಟುವುದಿಲ್ಲ. ಮಾತಿನಲ್ಲಿ "ಬಂದ, ನಿನ್ನೆ" ಅಂತ ಹಿಂದಿನಿಂದ ಸೇರಿಸುತ್ತೇವಲ್ಲ, ಅದೇ ಕ್ರಮ.

ನಮ್ಮ ಹಳಬರು ಇದನ್ನು ಆಕಾಂಕ್ಷೆ ಅಂತ ಕರೆದರು. ಒಂದು ಪದ ಇನ್ನೊಂದನ್ನು ಬೇಡುವುದು. ಬೇಡಿದ್ದು ಸಂದರ್ಭದಲ್ಲೇ ಸಿಕ್ಕರೆ ಕೇಳುಗ ತುಂಬಿಕೊಳ್ಳುತ್ತಾನೆ. ಬರೀ "ಬಾಗಿಲು" ಅಂದರೆ ಸಾಕು, ಕೇಳಿದವನು ಎದ್ದು ಹೋಗಿ ಮುಚ್ಚುತ್ತಾನೆ. ಅವನು ಮನಸ್ಸಿನಲ್ಲಿ ತುಂಬಿಕೊಳ್ಳುವುದು "ಮುಚ್ಚು" ಅನ್ನುವ ಪದವನ್ನೋ, ಬರೀ ಅದರ ಅರ್ಥವನ್ನೋ ಅಂತ ವೇದವಾಕ್ಯಗಳ ಅರ್ಥ ವಿಚಾರಿಸುತ್ತಿದ್ದ ಮೀಮಾಂಸಕರಲ್ಲಿ ದೊಡ್ಡ ಜಗಳವೇ ನಡೆದಿದೆ. ಪದವನ್ನು ಅಂತ ಕುಮಾರಿಲನ ಕಡೆಯವರು, ಅರ್ಥವನ್ನು ಅಂತ ಪ್ರಭಾಕರನ ಕಡೆಯವರು.

ಪ್ರಕಾಶ:
ಒಳ್ಳೆ ಸಮಯಕ್ಕೆ ಈ ಮಾತು ಬಂತು. ನನ್ನ ಮಗಳು ಪ್ರಬಂಧದಲ್ಲಿ "ಬಸ್ಸು ಬಂತು. ಕೊನೆಗೂ." ಅಂತ ಬರೆದಿದ್ದಳು. ಕೆಂಪು ಗೆರೆ ಬಿತ್ತು, ಒಂದು ಅಂಕ ಹೋಯಿತು. ಪೂರ್ಣವಿರಾಮದ ಬದಲು ಮೂರು ಚುಕ್ಕಿ ಇಟ್ಟಿದ್ದರೆ ಸರಿಯಾಗುತ್ತಿತ್ತಾ? ನಿಮ್ಮ ಪ್ರಶ್ನೆಯೂ ಚುಕ್ಕಿ ಎಲ್ಲಿಡಬೇಕು ಅನ್ನುವುದೇ ತಾನೇ?

ನಾಗರತ್ನ:
ಮೂರು ಚುಕ್ಕಿ ಇಟ್ಟರೆ ಹುಡುಗಿ ತಡವರಿಸಿದ ಹಾಗೆ ಕಾಣುತ್ತದೆ. ಪೂರ್ಣವಿರಾಮ ಇಟ್ಟಿದ್ದಾಳೆ ಅಂದರೆ ಕಾದು ಕಾದು ಸಾಕಾಗಿದೆ ಅಂತ ಅರ್ಥ. "ಕೊನೆಗೂ" ಹಿಂದಿನ "ಬಂತು"ಗೆ ನೇರವಾಗಿ ಸೇರುತ್ತದೆ. ನಾನಾದರೆ ಅಂಕ ಕಳೆಯುತ್ತಿರಲಿಲ್ಲ. ಪರೀಕ್ಷೆಯ ಮಾತು ಬೇರೆ, ಅಲ್ಲಿ ತಿದ್ದುವವರಿಗೆ ನಿಂತು ಯೋಚಿಸುವಷ್ಟು ಹೊತ್ತಿರುವುದಿಲ್ಲ.

ಇಮ್ರಾನ್:
ಜಾಹೀರಾತು ಬರೆದೇ ಹೊಟ್ಟೆ ಹೊರೆಯುವವನು ನಾನು. ಜಾಗ ಕಡಿಮೆ ಅಂತ ತುಂಡು ಮಾಡುತ್ತೇವೆ ಅನ್ನುವುದು ಅರ್ಧ ಸತ್ಯ. 1960ರಲ್ಲಿ ಡಾಯ್ಲ್ ಡೇನ್ ಬರ್ನ್‌ಬಾಕ್ ಸಂಸ್ಥೆ ಫೋಕ್ಸ್‌ವ್ಯಾಗನ್ ಕಾರಿಗೆ ಮಾಡಿದ ಜಾಹೀರಾತು ನೋಡಿ. ಪುಟದ ತುಂಬ ಜಾಗವಿತ್ತು. ಆದರೂ ತಲೆಬರಹ "ಲೆಮನ್." ಅನ್ನುವ ಒಂದೇ ಪದ, ಪಕ್ಕದಲ್ಲಿ ಪೂರ್ಣವಿರಾಮ. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ಹಾಗನ್ನುತ್ತಾರೆ. ತನ್ನ ಕಾರನ್ನೇ ಕಂಪನಿ ಹೀಗೆ ಬೈಯುತ್ತಿದೆಯಲ್ಲ ಅಂತ ಓದುಗ ಕೆಳಗೆ ಇಳಿಯುತ್ತಾನೆ. ಡ್ಯಾಶ್‌ಬೋರ್ಡಿನ ಖಾನೆಯ ಕ್ರೋಮ್ ಪಟ್ಟಿಯಲ್ಲಿ ಕಲೆ ಇದ್ದದ್ದಕ್ಕೇ ಆ ಕಾರನ್ನು ತಪಾಸಣೆಯಲ್ಲಿ ತಿರಸ್ಕರಿಸಿದರು ಅಂತ ಅಲ್ಲಿ ವಿವರವಿದೆ. ತಲೆಬರಹ ಹುಟ್ಟಿಸಿದ ಪ್ರಶ್ನೆಗೆ ಒಡಲು ಉತ್ತರ ಕೊಟ್ಟಿತು. ಉತ್ತರ ಇಲ್ಲದಿದ್ದರೆ ಅದು ಸುಮ್ನೆ ಒಂದು ಪದವಾಗಿ ಉಳಿಯುತ್ತಿತ್ತು.

ನಮ್ಮ ಕಸುಬಿನ ಒಂದು ಗುಟ್ಟನ್ನೂ ಹೇಳಿಬಿಡುತ್ತೇನೆ. "ಹೆಚ್ಚು ಬಾಳಿಕೆ." ಅಂತ ಬರೆಯುತ್ತೇವೆ. ಯಾವುದಕ್ಕಿಂತ ಹೆಚ್ಚು? ಎಷ್ಟು ದಿನ? ವಾಕ್ಯ ಪೂರ್ತಿ ಮಾಡಲು ಹೋದರೆ ಅದನ್ನೂ ಹೇಳಬೇಕಾಗುತ್ತದೆ. ಹಾಗಾಗಿ ಪೂರ್ತಿ ಮಾಡುವುದೇ ಇಲ್ಲ. ಇದು ಬೇಕಂತಲೇ ಮಾಡಿದ ತುಂಡು, ವ್ಯಾಕರಣದ ತಪ್ಪಲ್ಲ. ಆದರೂ ವನಜಾ ಅವರೇ, ನೀವು ಗೆರೆ ಎಳೆಯಬೇಕಾದದ್ದು ಇಂಥದಕ್ಕೇ.

ಶ್ರೀಧರ:
"ಇವನು ನನ್ನ ತಮ್ಮ" ಒಪ್ಪಿದೆ. ಆದರೆ ಕೊಡೆಯ ಸಾಲು ಇನ್ನೂ ಕುಂಟುತ್ತದೆ. ಮಳೆ ಅನ್ನುವುದು "ಅದು". "ನೀವು" ಬಂದರೆ ಕ್ರಿಯಾಪದ ಬದಲಾಗಬೇಕು. ಹಿಂದಿನದನ್ನೇ ತಂದು ತುಂಬುವುದು ಹೇಗೆ?

ನಾಗರತ್ನ:
ಒಳ್ಳೆಯ ಆಕ್ಷೇಪ, ಆದರೆ ಈ ಸಾಲಿಗೆ ತಾಗುವುದಿಲ್ಲ. "ನಿಲ್ಲುವುದಿಲ್ಲ" ಅನ್ನುವ ರೂಪ ಮಳೆಗೂ ಅದೇ, ನಿಮಗೂ ಅದೇ. ಹಾಗೇ ಎತ್ತಿ ತುಂಬಬಹುದು. "ಮಳೆ ನಿಲ್ಲುತ್ತದೆ. ನೀವೂ." ಅಂದಿದ್ದರೆ ಓದುಗ "ನಿಲ್ಲುತ್ತೀರಿ" ಅಂತ ಹೊಸ ರೂಪ ಕಟ್ಟಿಕೊಳ್ಳಬೇಕು. ಬರಹದಲ್ಲಿ ಅದು ನನಗೆ ಸ್ವಲ್ಪ ತೊಡಕು ಅನಿಸುತ್ತದೆ.

ಇಮ್ರಾನ್:
ನನಗೆ ಒಂದು ಚೂರೂ ಅನಿಸುವುದಿಲ್ಲ. "ಅವನು ಹೊರಟ. ನಾನೂ." ಅಂತ ದಿನವೂ ಹೇಳುತ್ತೇವೆ. ಪ್ರಭಾಕರನ ಕಡೆಯವರು ನನ್ನ ಪಕ್ಷಕ್ಕೆ ಬರುತ್ತಾರೆ ನೋಡಿ, ಅರ್ಥ ತುಂಬಿದರೆ ಸಾಕು!

ವನಜಾ:
ಕೊಡೆ ಮತ್ತು ಬಾಗಿಲು, ಎರಡನ್ನೂ ಹಾಗೇ ಬಿಡುತ್ತೇನೆ. ಮೊಬೈಲಿನ ಸಾಲು ಯಾವ ಕಡೆಗೆ ಸೇರಬೇಕು ಅಂತ ಬರೆದವರನ್ನೇ ಕೇಳಿದೆ. "ಎರಡಕ್ಕೂ" ಅಂದರು! ಹಾಗಾದರೆ ಕಾರಣವನ್ನು ಮೊದಲು ಹೇಳಿಬಿಡೋಣ ಅಂತ ತಿದ್ದಿದೆ: "ಮೊಬೈಲ್ ಕೈಗೆ ಬಂದಿದೆ. ಓದುವ ಅಭ್ಯಾಸ ಕಡಿಮೆಯಾಗಿದೆ, ಮಕ್ಕಳು ಪುಸ್ತಕ ಮುಟ್ಟುವುದಿಲ್ಲ." ಅವರು ಒಪ್ಪಿದರು.

ಅದೇ ಪ್ರಬಂಧವನ್ನು ಪೂರ್ತಿ ತಿರುಗಿ ನೋಡಿದಾಗ ಇನ್ನೊಂದು ಕಂಡಿತು. ತುಂಡುಗಳೆಲ್ಲ ಉದ್ದ ವಾಕ್ಯಗಳ ಬೆನ್ನಿಗೇ ಇವೆ, ಹೆಚ್ಚಿನವು "ದ್ದರಿಂದ", "ಆದರೂ" ಅಂತಲೇ ಮುಗಿಯುತ್ತವೆ. ಒತ್ತು ಬೇಕಾದ ಜಾಗದಲ್ಲಿ ಒಂದೂ ಇಲ್ಲ. ಬಾಗಿಲಿನ ಪ್ರಬಂಧದಲ್ಲಿ ಇರುವುದೇ ಆ ಎರಡು, ಅವೂ ಕೋಣೆಯ ಮುಂದೆ ನಿಂತಾಗ ಮಾತ್ರ. ಬರೆದವರನ್ನು ಕೇಳಲು ಆಗದಿದ್ದಾಗ ಇದನ್ನು ನಂಬಬಹುದಾ? ಇಡೀ ಬರಹದಲ್ಲಿ ಒಂದೇ ಒಂದು ತುಂಡು ಇದ್ದರೆ ಏನು ಮಾಡುತ್ತೀರಿ?