ಪದ ಬೇಕು: ಬೆಲೆಯ ಸಾಲು ಒಂದೂ ಸಿಗದಿದ್ದಾಗ ಪರದೆ ಮೇಲೆ ಏನು ಬರೆಯಬೇಕು?

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ರೈತ ಗುಂಪಿನ ಕಚೇರಿಗೆ ಮಾರುಕಟ್ಟೆ ಬೆಲೆ ತೋರಿಸುವ ಪರದೆ ಮಾಡಿಕೊಡುತ್ತಿದ್ದೇನೆ. ಅರ್ಧ ಗಂಟೆಗೊಮ್ಮೆ ಒಂದು ಸ್ಕ್ರೇಪರ್ ಬೆಲೆಯ ಪುಟ ತೆರೆದು, ಸೆಲೆಕ್ಟರ್ ಕೊಟ್ಟು ಸಾಲುಗಳನ್ನು ಎತ್ತಿಕೊಳ್ಳುತ್ತದೆ. ಮೂವತ್ತರ ಆಸುಪಾಸು ಸಾಲು ಬರುತ್ತಿತ್ತು. ಕಳೆದ ವಾರ ಇದ್ದಕ್ಕಿದ್ದಂತೆ ಒಂದೂ ಬರಲಿಲ್ಲ. ಪ್ರೋಗ್ರಾಂ ಮಾತ್ರ ತಪ್ಪಿಲ್ಲದೆ ಮುಗಿಯಿತು, ಲಾಗ್ ಕೂಡ ಸರಿಯಾಗಿಯೇ ಇತ್ತು. ಇನ್ನು ಹೀಗಾದರೆ ಎಚ್ಚರಿಕೆ ಬರಲಿ ಅಂತ ಸೇರಿಸಿದ್ದೇನೆ. ಓದುವವರು ಕಚೇರಿಯ ಗುಮಾಸ್ತರು. "ಶೂನ್ಯ ಫಲಿತಾಂಶ" ಅಂತ ಬರೆದಿದ್ದೇನೆ, ಸರಿಯಾ? ನಾಳೆ ಬೆಳಿಗ್ಗೆ ಪರದೆ ಹಾಕಬೇಕು.

ಶಿವಮೊಗ್ಗದಿಂದ:
"ಶೂನ್ಯ" ಯಾಕೆ? ಶೂನ್ಯವೇ ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದು ಸೊನ್ನೆ ಆಗಿದೆ. ತದ್ಭವ ಇರುವಾಗ ತತ್ಸಮ ಬೇಡ. "ಸೊನ್ನೆ ಸಾಲು" ಅನ್ನಿ. ಸೆಲೆಕ್ಟರ್‌ಗೆ "ಹೆಕ್ಕುಗ".

ಚಳ್ಳಕೆರೆಯಿಂದ:
ಸೊನ್ನೆ ಅಂತ ಮಾತ್ರ ಹಾಕಬೇಡಿ ದಯವಿಟ್ಟು. ನಮ್ಮ ಕಡೆ ಶೇಂಗಾ ರೇಟು ಕೇಳೋಕೆ ಬಂದವರು "ಸೊನ್ನೆ" ನೋಡಿದರೆ ರೇಟೇ ಬಿದ್ದುಹೋಯ್ತು ಅಂದುಕೊಳ್ತಾರೆ. ಹೋದ ಹಂಗಾಮಿನಲ್ಲಿ ಒಬ್ಬ ದಲಾಲರ ಬೋರ್ಡಿನಲ್ಲಿ ರೇಟಿನ ಜಾಗದಲ್ಲಿ 0 ಇತ್ತು. ಅವತ್ತು ಟೆಂಡರ್ ಇರಲಿಲ್ಲ ಅಷ್ಟೆ. ಆದರೆ ಇಬ್ಬರು ರೈತರು ಗಾಡಿ ವಾಪಸ್ ತಿರುಗಿಸಿಕೊಂಡು ಹೋದರು. ಅಂದಹಾಗೆ, ರೇಟು ತೀರಾ ಕಡಿಮೆ ಆದಾಗ ತಿಳಿಸುವ ಎಚ್ಚರಿಕೆ ಅಲ್ವಾ ಇದು?

ಹರಿಹರದಿಂದ:
ಅಲ್ಲ, ಅವರು ರೇಟಿನ ಮಾತಾಡ್ತಿಲ್ಲ, ಸಾಲಿನ ಲೆಕ್ಕ ಹೇಳ್ತಿದ್ದಾರೆ. ಕೆಲಸ ಸುಲಭ. ಸಾಲು ಸೊನ್ನೆ ಆದರೆ ಮೆಸೇಜ್ ಕಳಿಸಿ, "ಸ್ಕ್ರೇಪರ್ ಕೆಟ್ಟಿದೆ" ಅಂತ ಬರೆಯಿರಿ. ಪದಚರ್ಚೆ ಯಾಕೆ?

ಚಿತ್ರದುರ್ಗದಿಂದ:
ಹರಿಹರದವರು ಹೇಳಿದ್ದು ಅರ್ಧ ಸರಿ. ಸೊನ್ನೆಗೆ ಎಚ್ಚರಿಕೆ ಇರಲೇಬೇಕು. ಆದರೆ ಸೊನ್ನೆ ಬಂದ ಮಾತ್ರಕ್ಕೆ ಸ್ಕ್ರೇಪರ್ ಕೆಟ್ಟಿದೆ ಅನ್ನಲು ಆಗುವುದಿಲ್ಲ. ಮಾರುಕಟ್ಟೆಗೆ ರಜೆ ಇದ್ದರೂ ಸೊನ್ನೆ. ಜಾತ್ರೆಗೋ ಹಮಾಲರ ಮುಷ್ಕರಕ್ಕೋ ವಹಿವಾಟು ನಿಂತರೂ ಸೊನ್ನೆ, ಅದು ಯಾವ ರಜೆ ಪಟ್ಟಿಯಲ್ಲೂ ಇರುವುದಿಲ್ಲ. ನಾಲ್ಕು ಸಲ ಸುಮ್ನೆ "ಕೆಟ್ಟಿದೆ" ಅಂತ ಬಂದರೆ ಐದನೇ ಸಲ ಗುಮಾಸ್ತರು ಅದನ್ನು ನೋಡುವುದೇ ಇಲ್ಲ. ಸೊನ್ನೆ ಯಾಕೆ ಬಂತು ಅನ್ನೋದು ಮೊದಲು ತಿಳಿಯಬೇಕು. ದಾವಣಗೆರೆಯವರೇ, ನಿಮ್ಮ ಸೆಲೆಕ್ಟರ್ ಏನಿತ್ತು?

ದಾವಣಗೆರೆಯಿಂದ:
`#rates > tr` ಅಂತ ಇತ್ತು. ಬ್ಯೂಟಿಫುಲ್ ಸೂಪ್‌ನ `select`. ಆಮೇಲೆ ನೋಡಿದರೆ ಪುಟದವರು ಸಾಲುಗಳನ್ನು `tbody` ಒಳಗೆ ಹಾಕಿದ್ದಾರೆ. ಮುಂಚೆ ಅವು ನೇರವಾಗಿ ಕೋಷ್ಟಕದೊಳಗೇ ಇದ್ದವು.

ಚಿತ್ರದುರ್ಗದಿಂದ:
ಹಾಗಾದರೆ ಇದು ಅಚ್ಚುಕಟ್ಟಾದ ಉದಾಹರಣೆ. `>` ಅಂದರೆ ನೇರ ಮಗುವೇ ಆಗಬೇಕು. ನಡುವೆ `tbody` ಬಂದ ಕೂಡಲೇ `tr` ಮೊಮ್ಮಗು ಆಯಿತು, ಒಂದೂ ಹೊಂದಲಿಲ್ಲ. ಪುಟ 200 ಅಂತಲೇ ಬಂತು. `select_one` ಬಳಸಿ ಮುಂದೆ `.text` ಕೇಳಿದ್ದರೆ `None` ಸಿಕ್ಕಿ ಪ್ರೋಗ್ರಾಂ ಅಲ್ಲೇ ಬೀಳುತ್ತಿತ್ತು, ನಿಮಗೆ ಗೊತ್ತಾಗುತ್ತಿತ್ತು. `select` ಖಾಲಿ ಪಟ್ಟಿ ಕೊಡುತ್ತದೆ. ಖಾಲಿ ಪಟ್ಟಿಯ ಮೇಲೆ ಲೂಪ್ ಒಂದು ಸುತ್ತೂ ತಿರುಗುವುದಿಲ್ಲ, ದೂರೂ ಹೇಳುವುದಿಲ್ಲ.

ಕೋಷ್ಟಕ ಇದೆಯಾ ಅಂತ ನೋಡಿದರೆ ಸಾಕು ಅಂದುಕೊಳ್ಳಬೇಡಿ. ನಿಮ್ಮ ಕೇಸಿನಲ್ಲಿ ಕೋಷ್ಟಕ ಇದ್ದೇ ಇತ್ತು, ಸಾಲು ಸೊನ್ನೆ. ರಜೆ ದಿನವೂ ಹಾಗೇ ಕಾಣುತ್ತದೆ. ಸೆಲೆಕ್ಟರ್ ಹೊರತಾಗಿ ಇನ್ನೊಂದು ಸಾಕ್ಷಿ ಬೇಕು. ಕೋಷ್ಟಕದ ಬರೀ ಪಠ್ಯದಲ್ಲಿ ಬೆಳೆಯ ಹೆಸರು ಹುಡುಕಿ:

```python
box = soup.select_one("#rates")
rows = soup.select("#rates > tr")
if box is None:
    alert("no table")
elif not rows and "ಮೆಕ್ಕೆಜೋಳ" in box.get_text():
    alert("selector broken")
elif not rows:
    note("no arrivals")
```

ಹೆಸರು ಕಾಣುತ್ತಿದೆ, ಸಾಲು ಮಾತ್ರ ಸಿಗುತ್ತಿಲ್ಲ ಅಂದರೆ ತಪ್ಪು ನಮ್ಮದೇ. ಇಡೀ ಪುಟದಲ್ಲಿ ಮಾತ್ರ ಹುಡುಕಬೇಡಿ. ಬೆಳೆ ಆರಿಸುವ ಮೆನುವಿನಲ್ಲಿ ಮೆಕ್ಕೆಜೋಳ ರಜೆ ದಿನವೂ ಇರುತ್ತದೆ.

ಹರಿಹರದಿಂದ:
ಮೆಕ್ಕೆಜೋಳ ಬರದೆ ಬರೀ ಭತ್ತ ಬಂದ ದಿನ ಸೆಲೆಕ್ಟರ್ ಕೆಟ್ಟರೆ? ನಿಮ್ಮ ಕೋಡ್ "ಆವಕ ಇಲ್ಲ" ಅನ್ನುತ್ತೆ.

ಚಿತ್ರದುರ್ಗದಿಂದ:
ಹೌದು, ಅನ್ನುತ್ತೆ. ನೀವು ಹಿಡಿದದ್ದು ಸರಿ. ನಾಲ್ಕೈದು ಬೆಳೆಯ ಹೆಸರು ಹಾಕಿ, ಯಾವುದು ಸಿಕ್ಕರೂ ಸಾಕು ಅನ್ನಿ. ಈಗ ಪದದ ವಿಷಯ. ಕಾರಣ ಮೂರು, ಹಾಗಾಗಿ ಒಂದೇ ಹೆಸರುಪದ ಸಾಲದು. ಗುಮಾಸ್ತರು ಮುಂದೇನು ಮಾಡಬೇಕು ಅಂತ ಗೊತ್ತಾಗುವ ವಾಕ್ಯ ಬರೆಯಿರಿ. ಕೋಷ್ಟಕವೇ ಇಲ್ಲದಿದ್ದರೆ "ಬೆಲೆಯ ಪುಟ ಸರಿಯಾಗಿ ತೆರೆಯಲಿಲ್ಲ". ಎರಡನೆಯದಕ್ಕೆ "ಪುಟದಲ್ಲಿ ಬೆಲೆ ಇದೆ, ನಮ್ಮ ಪರದೆಗೆ ಓದಲು ಆಗುತ್ತಿಲ್ಲ". ಮೂರನೆಯದಕ್ಕೆ "ಇವತ್ತು ಆವಕ ಇಲ್ಲ". ಈ ಮೂರನೆಯದನ್ನು ಎಚ್ಚರಿಕೆಯಾಗಿ ಕಳಿಸಬೇಡಿ, ಪರದೆಯಲ್ಲಿ ತೋರಿಸಿದರೆ ಸಾಕು.

ಶಿವಮೊಗ್ಗದಿಂದ:
"ಆವಕ" ಮರಾಠಿ ಕಡೆಯದು. ಮೇಲೆ "ಖಾಲಿ" ಅಂದಿರಿ, ಅದು ಅರಬ್ಬಿ. ಬರಿದು, ಬರವು ಅನ್ನುವ ಪದಗಳು ನಮ್ಮಲ್ಲೇ ಇವೆ. ಹೊಸ ಕೆಲಸಕ್ಕೆ ಪದ ಕಟ್ಟುವಾಗಲೂ ಎರವಲು ತಂದರೆ ಕನ್ನಡದಲ್ಲಿ ಪದ ಹುಟ್ಟುವುದು ಯಾವಾಗ?

ಚಳ್ಳಕೆರೆಯಿಂದ:
"ಇವತ್ತು ಬರವು ಇಲ್ಲ" ಅಂತ ನಮ್ಮ ಜಿಲ್ಲೆಯಲ್ಲಿ ಬರೆದರೆ ಬರಗಾಲ ಇಲ್ಲ ಅಂತ ಓದ್ತಾರೆ. ದಲಾಲಿ, ಹಮಾಲಿ ಕೂಡ ಅರಬ್ಬಿಯಿಂದ ಬಂದವೇ. ಮಾರುಕಟ್ಟೆ ಅಂಗಳದಲ್ಲಿ ಅವನ್ನು ಬಿಟ್ಟು ಮಾತೇ ಇಲ್ಲ. ಆವಕವೇ ಇರಲಿ.

ಶಿವಮೊಗ್ಗದಿಂದ:
ಬಳಕೆ ಇದೆ ಅನ್ನೋದು ವಾದ ಅಲ್ಲ. "ಹೆಕ್ಕುಗ" ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಚಿತ್ರದುರ್ಗದಿಂದ:
ಗುಮಾಸ್ತರ ಪರದೆಯಲ್ಲಿ ಆ ಪದವೇ ಬರುವುದಿಲ್ಲ. ಪಾಠದ ಪುಸ್ತಕ ಬರೆಯುವಾಗ ಮಾತಾಡೋಣ.

ದಾವಣಗೆರೆಯಿಂದ:
ಮೂರು ವಾಕ್ಯವನ್ನೂ ಹಾಗೇ ಹಾಕುತ್ತಿದ್ದೇನೆ, ಬೆಳೆಯ ಹೆಸರು ಐದು ಸೇರಿಸಿದೆ. ಸೆಲೆಕ್ಟರನ್ನು `#rates tr:has(td)` ಮಾಡಿದ್ದೇನೆ, `tbody` ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಇನ್ನೊಂದು ತೊಡಕು ಕಂಡಿತು. ರಜೆ ದಿನ ಪುಟದವರು "ಮಾಹಿತಿ ಲಭ್ಯವಿಲ್ಲ" ಅಂತ ಒಂದು ಸಾಲು ಹಾಕುತ್ತಾರೆ. ಅದು ಈಗ ಲೆಕ್ಕಕ್ಕೆ ಬಂದು 1 ಆಗುತ್ತಿದೆ, ಸೊನ್ನೆ ಆಗುತ್ತಲೇ ಇಲ್ಲ.

ಚಿತ್ರದುರ್ಗದಿಂದ:
ಸಾಲು ಎಣಿಸಬೇಡಿ. ಬೆಲೆಯ ಕಲಂನಲ್ಲಿ ಅಂಕಿ ಇರುವ ಸಾಲುಗಳನ್ನು ಮಾತ್ರ ಎಣಿಸಿ. ಇನ್ನೊಂದು ಮಾತು. ಸೊನ್ನೆ ಬಂದಾಗ ಹಳೆಯ ಬೆಲೆಯ ಫೈಲನ್ನು ಖಾಲಿ ಫೈಲಿನಿಂದ ಅಳಿಸಬೇಡಿ. ಹಳೆಯದನ್ನೇ ತೋರಿಸಿ, ಅದರ ತಾರೀಖನ್ನು ದೊಡ್ಡದಾಗಿ ಹಾಕಿ.

ದಾವಣಗೆರೆಯಿಂದ:
ಮಾಡಿದೆ ಸರ್. ಕೊನೆಯ ಪ್ರಶ್ನೆ. ಮೂವತ್ತು ಬರುವ ಕಡೆ ಮೂರೇ ಸಾಲು ಬಂದರೆ? ಅದಕ್ಕೆ ಇನ್ನೂ ವಾಕ್ಯ ಇಲ್ಲ.

ಚಳ್ಳಕೆರೆಯಿಂದ:
"ಬೆಲೆ ಅರೆಬರೆ ಬಂದಿದೆ."

ಹರಿಹರದಿಂದ:
ಅರೆಬರೆ ಅನ್ನೋಕೆ ಎಷ್ಟು ಕಡಿಮೆ ಆಗಬೇಕು? ಅರ್ಧವಾ, ಮೂರರಲ್ಲಿ ಒಂದು ಪಾಲಾ?

ಚಿತ್ರದುರ್ಗದಿಂದ:
ಈಗಲೇ ಹೇಳಲಾರೆ. ಒಂದು ತಿಂಗಳು ದಿನದಿನದ ಲೆಕ್ಕ ಬರೆದಿಡಿ. ಸುಗ್ಗಿಯಲ್ಲಿ ಬರುವ ಸಾಲೇ ಬೇರೆ, ಬೇಸಿಗೆಯದೇ ಬೇರೆ.

ಶಿವಮೊಗ್ಗದಿಂದ:
"ಅರೆಬರೆ" ಅಪ್ಪಟ ಕನ್ನಡ. ಒಪ್ಪಿದೆ.